‘ನಮ್ಮ ತೋಟಕ್ಕೆ ಹೊಂದ್ತಾರಾ?’: ರೈಟರ್ ನೇಮಕದಲ್ಲಿ ನಮ್ಮವರನ್ನೇ ಆರಿಸಿಕೊಳ್ಳದ ಹಾಗೆ ನೋಡುವ ಕ್ರಮ

ಕೊಡಗಿನಲ್ಲಿ ಇಬ್ಬರು ಮೊದಲ ಸಲ ಭೇಟಿಯಾದರೆ ಎರಡನೇ ಮಾತೇ ‘ಯಾವ ಮನೆಯವರು?’ ಅಂತ. ಮನೆ ಹೆಸರು ಹೇಳಿದ ತಕ್ಷಣ ಯಾವ ಸಮುದಾಯ, ಯಾವ ಊರು, ನಮಗೆ ಯಾವ ಕಡೆಯಿಂದ ನೆಂಟರು ಅನ್ನೋದೆಲ್ಲ ಗೊತ್ತಾಗಿಬಿಡುತ್ತೆ. ಮದುವೆ ಮನೆಯಲ್ಲಿ ಇದು ಚೆಂದದ ಮಾತು. ಕೆಲಸಕ್ಕೆ ಜನ ತಗೊಳ್ಳುವಾಗ ಇದೇ ಮಾತು ನಮ್ಮನ್ನು ದಾರಿ ತಪ್ಪಿಸುತ್ತೆ.

ನನಗೆ ಹಾಗೇ ಆಯಿತು. ಸಿದ್ದಾಪುರದ ಕಡೆ ನಮ್ಮದು 110 ಎಕರೆ ಕಾಫಿ ತೋಟ, ಹೆಚ್ಚಿನದು ರೋಬಸ್ಟಾ. ಕೆಲವು ವರ್ಷದ ಹಿಂದೆ ಹಾಜರಿ, ಲೆಕ್ಕ ಬರೆಯುವ ರೈಟರ್ ಬೇಕಾಗಿತ್ತು. ಬಂದ ಹುಡುಗ ನಾನು ಓದಿದ ಶಾಲೆಯಲ್ಲೇ ಓದಿದವನು. ಅವನ ತಂದೆಯೂ ನನ್ನ ತಂದೆಯ ಹಾಗೆ ಸೈನ್ಯದಲ್ಲಿ ಇದ್ದವರು. ನಲವತ್ತು ನಿಮಿಷ ಮಾತಾಡಿದೆವು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಕಿ ಆಟದ ವಿಷಯ. ‘ನಮ್ಮ ತೋಟಕ್ಕೆ ಸರಿಯಾಗಿ ಹೊಂದ್ತಾನೆ’ ಅಂತ ಅವತ್ತೇ ಹೂಂ ಅಂದೆ. ಜನವರಿಯಲ್ಲಿ ಅಕಾಲ ಮಳೆ ಬಂತು. ಕಣದಲ್ಲಿ ಹರವಿದ್ದ ಕಾಫಿಗೆ ಟಾರ್ಪಾಲ್ ಮುಚ್ಚುವುದು ತಡವಾಯಿತು, ಹಣ್ಣು ನೆನೆಯಿತು. ಅದು ಯಾರ ಕೈಲಾದರೂ ಆಗುವಂಥದ್ದು. ಆದರೆ ಅವನು ನನಗೆ ಹೇಳಲಿಲ್ಲ. ನೆನೆದದ್ದನ್ನು ಒಣಗಿದ್ದರ ಜೊತೆ ಸೇರಿಸಿ ಚೀಲಕ್ಕೆ ತುಂಬಿಸಿದ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತೇವ ಅಳೆದಾಗ ವಿಷಯ ಹೊರಗೆ ಬಂತು. ರೋಬಸ್ಟಾ ಚೆರ‍್ರಿ 11 ಶೇಕಡ ತೇವಕ್ಕೆ ಒಣಗಿರಬೇಕು, ನಮ್ಮ ಚೀಲಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಒಂದಷ್ಟು ಚೀಲಕ್ಕೆ ಬೂಸಲು ಹಿಡಿದಿತ್ತು.

ಹುಡುಗ ಕೆಟ್ಟವನಲ್ಲ. ಕೆಟ್ಟ ಸುದ್ದಿ ಬಂದಾಗ ಏನು ಮಾಡ್ತಾನೆ ಅಂತ ನಾನು ಕೇಳಲೇ ಇಲ್ಲ. ಅವನ ಜೊತೆ ಮಾತಾಡುವುದು ನನಗೆ ಹಿತವಾಗಿತ್ತು, ಆ ಹಿತವನ್ನೇ ‘ಹೊಂದಾಣಿಕೆ’ ಅಂದುಕೊಂಡೆ.

ಇದು ತೋಟದವರಿಗೆ ಮಾತ್ರ ಆಗುವ ಎಡವಟ್ಟಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಲಾರೆನ್ ರಿವೇರಾ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡ ವಕೀಲಿ ಸಂಸ್ಥೆ, ಹೂಡಿಕೆ ಬ್ಯಾಂಕು, ಸಲಹಾ ಕಂಪನಿಗಳಲ್ಲಿ ನೇಮಕ ಮಾಡುವ 120 ಜನರನ್ನು ಅವರು ಮಾತಾಡಿಸಿದ್ದರು. ‘ಹೊಂದ್ತಾರೆ’ ಅನ್ನುವಾಗ ಆ ಜನ ಹೆಚ್ಚಾಗಿ ನೋಡುತ್ತಿದ್ದದ್ದು ತಮ್ಮ ಹಾಗೇ ಆಟ ಆಡಿದವರಾ, ತಮ್ಮ ಹಾಗೇ ಬಿಡುವಿನ ಹೊತ್ತು ಕಳೆಯುವವರಾ, ತಮ್ಮ ಥರದ ಬದುಕು ಕಂಡವರಾ ಅಂತ. ಅಲ್ಲಿಯ ಆಟಗಳು ಬೇರೆ, ಇಲ್ಲಿ ನಮಗೆ ಹಾಕಿ, ಅಷ್ಟೇ.

ಹಾಗಂತ ಹೊಂದಾಣಿಕೆ ನೋಡಲೇಬಾರದು ಅಂತ ನಾನು ಹೇಳುವುದಿಲ್ಲ. ರೈಟರ್ ಅಂದರೆ ಹಾಜರಿ ಬರೆಯುವವನು, ಸಂಜೆ ತೂಕ ಹಾಕುವವನು, ಬಟವಾಡೆ ಲೆಕ್ಕ ಮಾಡುವವನು. ಸಾಹುಕಾರರಿಗೂ ಕೆಲಸದವರಿಗೂ ನಡುವೆ ನಿಲ್ಲುವ ಮನುಷ್ಯ. ಅವನ ನಡವಳಿಕೆ ತೋಟಕ್ಕೆ ಹೊಂದದಿದ್ದರೆ ಒಂದು ಕೊಯ್ಲಿನ ಕಾಲದಲ್ಲೇ ಜನ ಬೇರೆ ತೋಟಕ್ಕೆ ಹೋಗಿಬಿಡುತ್ತಾರೆ. ನೋಡಲೇಬೇಕು, ಆದರೆ ಏನನ್ನು ನೋಡಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡು ನೋಡಬೇಕು. ಈಗ ನಾವು ಮಾಡುವ ಕ್ರಮ ಹೀಗಿದೆ.

ಹಂತ 1: ‘ನಮ್ಮ ಸಂಸ್ಕೃತಿ’ಯನ್ನು ನಡೆದ ಘಟನೆಗಳಿಂದ ಬರೆಯಿರಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇದಕ್ಕೇ ಕೊಡಿ. ನಮಗೆ ಒಂದು ಪೂರ್ತಿ ಮಧ್ಯಾಹ್ನ ಬೇಕಾಯಿತು. ಇದು ಸಡಿಲವಾದರೆ ಮುಂದಿನದು ಯಾವುದೂ ನಿಲ್ಲುವುದಿಲ್ಲ.

‘ನಮಗೆ ಎಂಥವರು ಬೇಕು?’ ಅಂತ ಕೇಳಬೇಡಿ. ಕೇಳಿದರೆ ‘ಒಳ್ಳೆಯವರು, ಚುರುಕಿನವರು, ಮನೆಯವರ ಥರ ಇರೋರು’ ಅಂತಲೇ ಉತ್ತರ ಬರುತ್ತೆ. ಆ ಮಾತುಗಳ ಒಳಗೆ ನಮ್ಮ ಮುಖವೇ ಇರುತ್ತೆ. ಅದರ ಬದಲು ತೋಟದಲ್ಲೇ ಇರುವ ಮೂರ್ನಾಲ್ಕು ಜನರನ್ನು ಬೇರೆ ಬೇರೆಯಾಗಿ ಕೂರಿಸಿ ಎರಡು ಪ್ರಶ್ನೆ ಕೇಳಿ. ಈ ಎರಡು ವರ್ಷದಲ್ಲಿ ಯಾರಾದರೂ ಮಾಡಿದ ಯಾವ ಕೆಲಸ ನೋಡಿ ‘ಹೀಗೇ ಇರಬೇಕು’ ಅನ್ನಿಸಿತು? ಯಾವುದು ನೋಡಿ ‘ಇದು ಇಲ್ಲಿ ನಡೆಯಲ್ಲ’ ಅನ್ನಿಸಿತು? ಘಟನೆಯನ್ನೇ ಹೇಳಿಸಿ: ಎಲ್ಲಿ, ಯಾವಾಗ, ಯಾರು ಏನು ಮಾಡಿದರು. ಮೇಸ್ತ್ರಿಯನ್ನು ಕೇಳಿ, ಕೊಯ್ಲಿಗೆ ಬರುವ ಹೆಂಗಸರನ್ನೂ ಕೇಳಿ. ನಮ್ಮಲ್ಲಿ ಅತಿ ಉಪಯೋಗದ ಮಾತು ಬಂದದ್ದು ಕೆಲಸದವರು ಇರುವ ಲೈನ್ ಮನೆಯ ಒಬ್ಬ ಅಕ್ಕನಿಂದ. ‘ತಕ್ಕಡಿ ಮುಳ್ಳು ನಮ್ಮ ಕಡೆ ತಿರುಗಿಸಿ ಇಡೋರು ಬೇಕು’ ಅಂದರು. ನಮ್ಮ ಹಳೇ ರೈಟರ್ ಮುಳ್ಳು ತನಗೆ ಮಾತ್ರ ಕಾಣುವ ಹಾಗೆ ನಿಲ್ಲುತ್ತಿದ್ದ ಅನ್ನೋದು ನನಗೆ ಅವತ್ತೇ ಗೊತ್ತಾಗಿದ್ದು.

ಹೀಗೆ ಬಂದದ್ದರಲ್ಲಿ ನಾವು ಉಳಿಸಿಕೊಂಡದ್ದು ಮೂರು ಸಾಲು:

ಕೆಟ್ಟ ಸುದ್ದಿಯನ್ನು ಅದೇ ದಿನ, ಕೇಳುವ ಮುಂಚೆ ಹೇಳುತ್ತಾರೆ.
ತೂಕ, ಹಾಜರಿ, ಲೆಕ್ಕವನ್ನು ಸಂಬಂಧಪಟ್ಟವರಿಗೆ ಕಾಣುವ ಹಾಗೆ ಮಾಡುತ್ತಾರೆ.
ಬೇರೆಯವರ ಕೆಲಸ ಬದಲಿಸುವ ಮುಂಚೆ ಅವರನ್ನು ಕೇಳುತ್ತಾರೆ.

ಒಂದೊಂದು ಸಾಲನ್ನೂ ಎರಡು ಜರಡಿ ಹಾಕಿ ನೋಡಿ. ಮೊದಲನೆಯದು: ಈಗ ಕೆಲಸದಲ್ಲಿ ಇರುವವರು ಇದನ್ನು ಮಾಡದಿದ್ದರೆ ಕರೆದು ಎಚ್ಚರಿಕೆ ಕೊಡ್ತೀರಾ? ಕೊಡಲ್ಲ ಅಂದರೆ ಅದು ನಿಮ್ಮ ಸಂಸ್ಕೃತಿ ಅಲ್ಲ, ಬರೀ ಆಸೆ. ನಮ್ಮ ಪಟ್ಟಿಯಲ್ಲಿ ಮೊದಲು ‘ಬೆಳಿಗ್ಗೆ ನಗುನಗುತ್ತಾ ಮಾತಾಡಿಸುತ್ತಾರೆ’ ಅಂತ ಇತ್ತು. ನಗದೇ ಇದ್ದದ್ದಕ್ಕೆ ಯಾರಿಗೂ ನಾವು ಎಚ್ಚರಿಕೆ ಕೊಟ್ಟಿಲ್ಲ. ತೆಗೆದುಹಾಕಿದೆವು. ಎರಡನೆಯದು: ಮಾತು ಕಮ್ಮಿ ಇರುವವರು, ಬೇರೆ ಭಾಷೆಯವರು, ಹೆಂಗಸರು, ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರು, ಇವರೆಲ್ಲ ತಮ್ಮ ರೀತಿಯಲ್ಲೇ ಇದ್ದುಕೊಂಡು ಈ ಸಾಲಿಗೆ ಪೂರ್ತಿ ಅಂಕ ತಗೊಳ್ಳಬಹುದಾ? ‘ಧೈರ್ಯವಾಗಿ ಎದುರು ಮಾತಾಡುತ್ತಾರೆ’ ಅನ್ನೋದು ಇಲ್ಲಿ ಬಿದ್ದುಹೋಯಿತು. ತಪ್ಪನ್ನು ಚೀಟಿಯಲ್ಲಿ ಬರೆದು ಕೊಟ್ಟರೂ ನಮಗೆ ಬೇಕಾದ ಕೆಲಸ ಆಗುತ್ತೆ, ಅಲ್ವಾ?

ಮೂರು ಅಥವಾ ನಾಲ್ಕು ಸಾಲು ಸಾಕು. ಏಳೆಂಟು ಬರೆದರೆ ಸಂದರ್ಶನದಲ್ಲಿ ಒಂದನ್ನೂ ಆಳವಾಗಿ ಕೇಳುವುದಕ್ಕೆ ಆಗಲ್ಲ.

ಹಂತ 2: ಕೆಲಸದ ಕೈಚಳಕವನ್ನು ಮೊದಲೇ, ಬೇರೆಯಾಗಿ ನೋಡಿ ಮುಗಿಸಿ

ಕೈಚಳಕ, ಹೊಂದಾಣಿಕೆ ಎರಡನ್ನೂ ಕಲಸಿದರೆ ಒಂದರ ಕೊರತೆಯನ್ನು ಇನ್ನೊಂದರಲ್ಲಿ ಮುಚ್ಚುತ್ತೇವೆ. ‘ಲೆಕ್ಕ ಸ್ವಲ್ಪ ವೀಕು, ಆದರೆ ಹುಡುಗ ನಮ್ಮ ಥರದವನು’ ಅಂತ. ನಾವು ಬಂದವರಿಗೆಲ್ಲ ಒಂದೇ ಮಸ್ಟರ್ ಹಾಳೆ ಕೊಡುತ್ತೇವೆ: 20 ಹೆಸರು, ಹಾಜರಿ, ಕೊಯ್ದ ಕೆಜಿ, ಮುಂಗಡ ತಗೊಂಡದ್ದು. ಬಟವಾಡೆ ಲೆಕ್ಕ ಮಾಡಬೇಕು. ಎರಡಕ್ಕಿಂತ ಜಾಸ್ತಿ ತಪ್ಪಾದರೆ ಮುಂದಕ್ಕೆ ಇಲ್ಲ. ಈ ಗೆರೆಯನ್ನು ಯಾರೂ ಬರುವ ಮುಂಚೆಯೇ ಎಳೆದಿರುತ್ತೇವೆ. ಹಾಳೆಯ ಮೇಲೆ ಹೆಸರಿನ ಬದಲು ನಂಬರ್ ಇರುತ್ತೆ, ತಿದ್ದುವವರಿಗೆ ಯಾರದ್ದು ಅಂತ ಗೊತ್ತಾಗುವುದಿಲ್ಲ. ಕೊಡಗಿನಲ್ಲಿ ಹೆಸರು ನೋಡಿದರೆ ಮನೆ ಗೊತ್ತಾಗುತ್ತೆ, ಅದಕ್ಕೇ ಈ ಜಾಗ್ರತೆ.

ಭಾಷೆಯದ್ದೂ ಇಲ್ಲೇ ಇತ್ಯರ್ಥ ಆಗಲಿ. ಕೆಲಸಕ್ಕೆ ಯಾವ ಭಾಷೆ ನಿಜವಾಗಿ ಬೇಕು? ನಮ್ಮಲ್ಲಿ ಕನ್ನಡ ಬೇಕು. ಅಸ್ಸಾಮಿನಿಂದ ಬಂದವರ ಜೊತೆ ಮಾತಾಡುವುದಕ್ಕೆ ನಾಲ್ಕು ಮಾತು ಹಿಂದಿ ಬೇಕು. ಕೊಡವ ತಕ್ಕ್ ಬಂದರೆ ನನಗೆ ಖುಷಿ, ಆದರೆ ಕೆಲಸಕ್ಕೆ ಅದು ಬೇಕಿಲ್ಲ. ಹಾಗಾಗಿ ಅದಕ್ಕೆ ಅಂಕವಿಲ್ಲ.

ಹಂತ 3: ಒಂದೇ ಪ್ರಶ್ನೆ, ಒಂದೇ ಸರದಿ, ನಡೆದು ಹೋದ ವಿಷಯ

ಪ್ರತಿ ಸಾಲಿಗೂ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. ‘ನೀವು ಪ್ರಾಮಾಣಿಕರಾ?’ ಅಂದರೆ ಎಲ್ಲರೂ ಹೌದು ಅಂತಾರೆ. ‘ಹೀಗಾದರೆ ಏನು ಮಾಡ್ತೀರಿ?’ ಅಂತ ಕೇಳಿದರೂ ಜಾಣರು ನಮಗೆ ಬೇಕಾದ ಉತ್ತರ ಊಹಿಸಿಬಿಡುತ್ತಾರೆ. ನಡೆದದ್ದನ್ನು ಕೇಳಿ. ಮೊದಲ ಸಾಲಿಗೆ ನಮ್ಮ ಪ್ರಶ್ನೆ ಇದು: ‘ನಿಮ್ಮ ಕೈಲಿ ಅಥವಾ ನಿಮ್ಮ ಜವಾಬ್ದಾರಿಯಲ್ಲಿ ಒಂದು ಕೆಲಸ ಹಾಳಾದ ಸಂದರ್ಭ ಹೇಳಿ. ಮೊದಲು ಯಾರಿಗೆ ಗೊತ್ತಾಯ್ತು, ಹೇಗೆ ಗೊತ್ತಾಯ್ತು?’

ಅದರ ಹಿಂದೆಯೇ ಕೇಳುವ ಮರುಪ್ರಶ್ನೆಗಳೂ ಎಲ್ಲರಿಗೂ ಒಂದೇ: ಅದು ಯಾವ ಹೊತ್ತು? ನೀವು ಹೇಳಿದ ಮಾತು ಏನು? ಅವರು ಏನಂದರು? ಆಮೇಲೆ ಏನಾಯ್ತು? ಬಾಯಿಪಾಠ ಮಾಡಿ ಬಂದವರು ಮೂರನೇ ಮರುಪ್ರಶ್ನೆಗೆ ತಡವರಿಸುತ್ತಾರೆ. ನಿಜವಾಗಿ ಅನುಭವಿಸಿದವರಿಗೆ ಮಳೆಯ ಹೊತ್ತು, ಚೀಲದ ಲೆಕ್ಕ, ಅವತ್ತು ಸಾಹುಕಾರರು ನಿಂತಿದ್ದ ಜಾಗ ಎಲ್ಲ ನೆನಪಿರುತ್ತೆ. ಮೊದಲ ಕೆಲಸಕ್ಕೆ ಬಂದವರಿಗೆ ಮನೆಯ, ಕಾಲೇಜಿನ, ಸಂಘದ ಘಟನೆಯೂ ಆಗುತ್ತೆ ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ದೊಡ್ಡ ತೋಟದಲ್ಲಿ ಇದ್ದು ಬಂದವರಿಗೆ ಸುಮ್ನೆ ಅನುಕೂಲ ಮಾಡಿಕೊಟ್ಟ ಹಾಗಾಗುತ್ತೆ.

ಲೋಕಾಭಿರಾಮದ ಮಾತು ಬೇಡ ಅಂತಲ್ಲ. ಬಂದವರಿಗೆ ಕಾಫಿ ಕೊಡದೆ ಕೂರಿಸುವುದು ನಮ್ಮ ಕಡೆಯ ಪದ್ಧತಿಯೂ ಅಲ್ಲ. ಕಾಫಿ ಕೊಡಿ, ದಾರಿ ಹೇಗಿತ್ತು ಅಂತ ಕೇಳಿ. ಮನೆ, ಶಾಲೆ, ಹಾಕಿ, ನೆಂಟಸ್ತಿಕೆ, ಮದುವೆ, ದೇವಸ್ಥಾನ, ಇವನ್ನೆಲ್ಲ ಅಂಕ ಹಾಕಿ ಮುಗಿಯುವ ತನಕ ತೆಗೆಯಬೇಡಿ. ಅವರೇ ತೆಗೆದರೆ ‘ಆಮೇಲೆ ಮಾತಾಡೋಣ’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಇಂಥ ಮಾತು ಮೊದಲೇ ಬಂದರೆ ನಮ್ಮ ಕಿವಿ ಆಗಲೇ ಒಲಿದುಬಿಟ್ಟಿರುತ್ತೆ. ಆಮೇಲಿನ ಅರೆಬರೆ ಉತ್ತರವನ್ನೂ ನಾವೇ ಮನಸ್ಸಿನಲ್ಲಿ ಪೂರ್ತಿ ಮಾಡಿಕೊಳ್ಳುತ್ತೇವೆ.

ಹಂತ 4: ಯಾವ ಉತ್ತರಕ್ಕೆ ಎಷ್ಟು ಅಂಕ ಅಂತ ಮುಂಚೆಯೇ ಬರೆಯಿರಿ

ಸುಮ್ನೆ ‘5ಕ್ಕೆ ಎಷ್ಟು?’ ಅಂದರೆ ಒಬ್ಬೊಬ್ಬರ 4 ಒಂದೊಂದು ಥರ. ಮೊದಲ ಸಾಲಿಗೆ ನಮ್ಮ ಅಳತೆ ಹೀಗಿದೆ. ತಪ್ಪೇ ನೆನಪಿಲ್ಲ ಅಂದರೆ, ಅಥವಾ ‘ನಾನೇ ಸರಿ ಮಾಡಿಬಿಟ್ಟೆ, ಹೇಳೋ ಅಗತ್ಯ ಬರಲಿಲ್ಲ’ ಅಂದರೆ 1. ಹೇಳಿದ್ದಾರೆ, ಆದರೆ ಕೇಳಿದ ಮೇಲೆ ಅಥವಾ ಎರಡು ಮೂರು ದಿನ ಕಳೆದು ಹೇಳಿದ್ದಾರೆ ಅಂದರೆ 3. ಅದೇ ದಿನ ತಾವಾಗೇ ಹೋಗಿ, ಎಷ್ಟು ಹಾಳಾಯಿತು, ಎಷ್ಟು ಉಳಿಸಬಹುದು ಅಂತ ಸಮೇತ ಹೇಳಿದ್ದರೆ 5. ನಡುವೆ ಬಿದ್ದದ್ದಕ್ಕೆ 2 ಅಥವಾ 4.

ಈ ಅಳತೆಯಲ್ಲಿ ದನಿ ಇಲ್ಲ, ಕಣ್ಣೋಟ ಇಲ್ಲ, ಕೈಕುಲುಕಿದ ರೀತಿ ಇಲ್ಲ. ಇರಬಾರದು.

ಹಂತ 5: ಮೂವರು ಕೂತು ಕೇಳಿ, ಒಬ್ಬೊಬ್ಬರೇ ಬರೆಯಿರಿ

ನಮ್ಮಲ್ಲಿ ಕೂರುವುದು ನಾನು, ನಮ್ಮ ಹಿರಿಯ ಮೇಸ್ತ್ರಿ, ಪಕ್ಕದ ತೋಟದಲ್ಲಿ ಲೆಕ್ಕ ನೋಡುವ ಒಬ್ಬ ಮೇಡಂ. ಮೂವರೂ ಒಂದೇ ಥರದವರಾದರೆ ಮೂವರು ಕೂತು ಪ್ರಯೋಜನವಿಲ್ಲ. ಒಂದು ಉತ್ತರ ಮುಗಿದ ತಕ್ಷಣ, ಮುಂದಿನ ಪ್ರಶ್ನೆಗೆ ಹೋಗುವ ಮುಂಚೆ ಅಂಕ ಬರೆಯುತ್ತೇವೆ. ಪಕ್ಕದಲ್ಲಿ ಅವರು ಹೇಳಿದ ಮಾತನ್ನೇ ಒಂದು ಸಾಲು. ಎಲ್ಲರನ್ನೂ ನೋಡಿ ಮುಗಿಯುವ ತನಕ ಒಬ್ಬರ ಹಾಳೆ ಇನ್ನೊಬ್ಬರು ನೋಡುವ ಹಾಗಿಲ್ಲ. ಚರ್ಚೆಗೆ ಕೂತಾಗ ಮೇಸ್ತ್ರಿ ಮೊದಲು ಮಾತಾಡುತ್ತಾರೆ, ನಾನು ಕೊನೆಗೆ. ಸಂಬಳ ಕೊಡುವವರು ಮೊದಲು ಬಾಯಿ ಬಿಟ್ಟರೆ ಮಿಕ್ಕವರು ‘ಹೌದು ಹೌದು’ ಅಂತಾರೆ.

ಹಾಗಾದರೆ ಮನಸ್ಸಿಗೆ ಅನ್ನಿಸಿದ್ದಕ್ಕೆ ಬೆಲೆಯೇ ಇಲ್ವಾ? ಇದೆ, ಆದರೆ ಅದರ ಜಾಗ ಕೊನೆಯಲ್ಲಿ. 1955ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಸ್ರೇಲ್ ಸೈನ್ಯಕ್ಕೆ ಒಂದು ಸಂದರ್ಶನ ಕ್ರಮ ಮಾಡಿಕೊಟ್ಟರು. ಅವರಿಗೆ ಆಗ ಇನ್ನೂ ಇಪ್ಪತ್ತೊಂದು ವರ್ಷ. ಆರು ಗುಣಗಳನ್ನು ಒಂದೊಂದಾಗಿ ಕೇಳಿ, ಅಲ್ಲಲ್ಲೇ ಅಂಕ ಹಾಕಬೇಕು. ಸಂದರ್ಶನ ಮಾಡುವವರು ‘ನಮ್ಮನ್ನು ಯಂತ್ರ ಮಾಡ್ತಿದ್ದೀರಿ’ ಅಂತ ಸಿಟ್ಟಾದಾಗ, ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಅನ್ನಿಸಿದ್ದಕ್ಕೂ ಒಂದು ಅಂಕ ಹಾಕಿ ಅಂದರು. ಹಾಗೆ ಕೊನೆಗೆ ಹಾಕಿದ ಅಂಕ, ಆರು ಗುಣಗಳ ಅಂಕದಷ್ಟೇ ಚೆನ್ನಾಗಿ ಕೆಲಸ ಮಾಡಿತು. ಒಂದೊಂದನ್ನೂ ಗಮನಕೊಟ್ಟು ಕೇಳಿದ ಮೇಲೆ ಹುಟ್ಟುವ ಅನಿಸಿಕೆ ಬೇರೆ, ಬಾಗಿಲಲ್ಲಿ ನೋಡಿದ ತಕ್ಷಣ ಹುಟ್ಟುವುದು ಬೇರೆ. ನಾವೂ ಕೊನೆಗೆ ಹಾಗೆ ಒಂದು ಅಂಕ ಹಾಕುತ್ತೇವೆ.

ಇನ್ನೊಂದು ಕಟ್ಟುನಿಟ್ಟು. ‘ನಮಗೆ ಹೊಂದಲ್ಲ’ ಅಂತ ಯಾರಾದರೂ ಅಂದರೆ ‘ಯಾವ ಸಾಲು? ಅವರ ಯಾವ ಮಾತು?’ ಅಂತ ಕೇಳಬೇಕು. ಎರಡನ್ನೂ ತೋರಿಸದಿದ್ದರೆ ಆ ಅಭಿಪ್ರಾಯ ಲೆಕ್ಕಕ್ಕಿಲ್ಲ. ‘ತುಂಬಾ ಹೊಂದ್ತಾರೆ’ ಅಂದವರಿಗೂ ಇದೇ ಪ್ರಶ್ನೆ. ಎರಡನೆಯದನ್ನು ಕೇಳುವುದಕ್ಕೆ ಜನ ಮರೆಯುತ್ತಾರೆ. ನಮ್ಮವರು ಒಳಗೆ ಬರುವುದು ಆ ಬಾಗಿಲಿನಿಂದಲೇ.

ಒಂದು ಸಲ ನಡೆದದ್ದು

ಈ ಕ್ರಮದಲ್ಲಿ ಮೊದಲ ಸಲ ಮೂವರನ್ನು ನೋಡಿದೆವು. ಗುರುತು ಸಿಗದ ಹಾಗೆ ಹೇಳುತ್ತೇನೆ. ಮೊದಲನೆಯವರು ಡಿಪ್ಲೊಮಾ ಮಾಡಿದ ಯುವಕ, ಮಾತು ನೀಟು, ನಮ್ಮ ಸಮುದಾಯದವರೇ. ಎರಡನೆಯವರು ಭಾಗಮಂಡಲದ ಕಡೆಯ, ಅರೆಭಾಷೆ ಮಾತಾಡುವ ಹೆಣ್ಣುಮಗಳು. ಕರಿಮೆಣಸಿನ ಗೋದಾಮಿನಲ್ಲಿ ಐದು ವರ್ಷ ತೂಕ ಬರೆದವರು. ಮೂರನೆಯವರು ಮಲಯಾಳ ಮನೆಮಾತಿನ ಹುಡುಗ. ಲೈನ್ ಮನೆಯಲ್ಲೇ ಬೆಳೆದವರು, ಒಂದು ತೋಟದಲ್ಲಿ ಮೇಸ್ತ್ರಿ ಕೈಕೆಳಗೆ ಆರು ವರ್ಷ ಇದ್ದವರು. ಮಸ್ಟರ್ ಹಾಳೆಯಲ್ಲಿ ಮೊದಲನೆಯವರದ್ದು ಒಂದು ತಪ್ಪು, ಎರಡನೆಯವರದ್ದು ಒಂದೂ ಇಲ್ಲ, ಮೂರನೆಯವರದ್ದು ಎರಡು. ಮೂವರೂ ಪಾಸ್.

ತಪ್ಪಾದ ಸಂದರ್ಭ ಕೇಳಿದಾಗ ಮೊದಲನೆಯವರು ತಂಡ, ಹೊಣೆ, ಪಾರದರ್ಶಕತೆ ಅಂತ ಐದು ನಿಮಿಷ ಚೆನ್ನಾಗಿ ಮಾತಾಡಿದರು. ‘ಅದು ಯಾವ ಹೊತ್ತು?’ ಅಂದರೆ ಉತ್ತರ ಬರಲಿಲ್ಲ. ಎರಡನೆಯವರು ಒಂದು ಚೀಲದ ನಂಬರ್ ಅದಲುಬದಲಾದದ್ದನ್ನು ಹೇಳಿದರು. ಮಾಲೀಕರಿಗೆ ಮರುದಿನ ತಿಳಿಸಿದ್ದರು.

ಮೂರನೆಯವರು ತಲೆ ಎತ್ತಲಿಲ್ಲ. ಅರ್ಧ ದನಿಯಲ್ಲಿ ಅಂದರು:

‘ತೂಕದ ಮಿಷನ್ ಒಂದು ಚೀಲಕ್ಕೆ ಅರ್ಧ ಕೆಜಿ ಕಮ್ಮಿ ತೋರಿಸ್ತಿತ್ತು ಸಾರ್. ಎರಡು ದಿನ ನಂಗೆ ಗೊತ್ತಾಗಲಿಲ್ಲ.’

‘ಹೇಗೆ ಗೊತ್ತಾಯ್ತು?’

‘ಒಬ್ಬರು ಅಕ್ಕ ಅಂಗಡಿಯಿಂದ ಸೀಲ್ ಇರೋ ಅಕ್ಕಿ ಚೀಲ ತಂದು ಇಟ್ಟರು. ಹತ್ತು ಕೆಜಿದು. ಒಂಬತ್ತೂವರೆ ಬಂತು.’

‘ಆಮೇಲೆ?’

‘ಎರಡು ದಿನದ ಪುಸ್ತಕ ತೆಗೆದೆ. ಅರವತ್ತನಾಲ್ಕು ಚೀಲ. ಮೂವತ್ತೆರಡು ಕೆಜಿ ನಾವು ಕೊಡಬೇಕು ಅಂತ ಸಾಹುಕಾರರ ಹತ್ರ ಅವತ್ತೇ ಸಂಜೆ ಹೇಳಿದೆ. ಬೈದರು. ಬಟವಾಡೆಗೆ ಸೇರಿಸಿ ಕೊಟ್ಟರು.’

ಮೇಸ್ತ್ರಿ, ಮೇಡಂ ಇಬ್ಬರೂ 5 ಬರೆದಿದ್ದರು. ನಾನು 3 ಬರೆದಿದ್ದೆ, ಪಕ್ಕದಲ್ಲಿ ‘ಆತ್ಮವಿಶ್ವಾಸ ಕಮ್ಮಿ’ ಅಂತ. ಮೇಡಂ ನನ್ನ ಹಾಳೆ ನೋಡಿ ಕೇಳಿದರು: ‘ಸಾರ್, ಇದು ಯಾವ ಸಾಲಿಗೆ ಸೇರುತ್ತೆ?’ ಯಾವ ಸಾಲಿಗೂ ಸೇರುವುದಿಲ್ಲ. ಅದೇ ದಿನ ಹೇಳಿದ್ದಾನೆ, ಕೇಳುವ ಮುಂಚೆ ಹೇಳಿದ್ದಾನೆ, ಎಷ್ಟು ಅಂತ ಲೆಕ್ಕ ಸಮೇತ ಹೇಳಿದ್ದಾನೆ. ನಾವೇ ಬರೆದ ಅಳತೆಯ ಪ್ರಕಾರ ಅದು 5. ತಿದ್ದಿದೆ. ತಿದ್ದುವಾಗ ಹಳೆಯ ಅಂಕ ಅಳಿಸಬಾರದು, ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆದು ಕಾರಣ ಹಾಕಬೇಕು. ಯಾರು ಎಲ್ಲಿ ವಾಲುತ್ತಾರೆ ಅಂತ ಆಮೇಲೆ ತಿಳಿಯುವುದು ಅದರಿಂದಲೇ.

ಮೂರು ಸಾಲು ಸೇರಿ 15ಕ್ಕೆ, ಚರ್ಚೆ ಮುಗಿದಾಗ, ಮೊದಲನೆಯವರಿಗೆ 7, ಎರಡನೆಯವರಿಗೆ 11, ಮೂರನೆಯವರಿಗೆ 13. ಮೂರನೆಯವರನ್ನು ತಗೊಂಡೆವು. ಬೇರೆಯವರ ಕೆಲಸದ ಸಾಲಿನಲ್ಲಿ ಅವರಿಗೆ ಬಂದದ್ದು 3 ಮಾತ್ರ. ಹಾಗಾಗಿ ಮೊದಲ ತಿಂಗಳು ಯಾರಿಗೆ ಯಾವ ಪಟ್ಟೆಯಲ್ಲಿ ಕೆಲಸ ಅಂತ ಹಂಚುವುದನ್ನು ಮೇಸ್ತ್ರಿ ಜೊತೆ ಕೂತೇ ಮಾಡಬೇಕು ಅಂತ ಮೊದಲೇ ಹೇಳಿದೆವು. ಅಂಕದ ಹಾಳೆ ಇದಕ್ಕೂ ಉಪಯೋಗಕ್ಕೆ ಬರುತ್ತೆ.

ಹಂತ 6: ಅರ್ಧ ದಿನದ ಕೆಲಸ, ಕೂಲಿ ಕೊಟ್ಟು

ಇಬ್ಬರ ಅಂಕ ಹತ್ತಿರ ಇದ್ದರೆ ಒಂದು ಸಂಜೆ ತೂಕಕ್ಕೆ ನಿಲ್ಲಿಸಿ ನೋಡಿ. ಕೂಲಿ ಕೊಟ್ಟೇ ಮಾಡಿಸಿ, ಬಿಟ್ಟಿ ಕೆಲಸ ಬೇಡ. ‘ಒಂದು ಚೀಲದ ತೂಕಕ್ಕೆ ತಕರಾರು ಬರುತ್ತೆ, ನೀವು ಹೇಗೆ ಬಗೆಹರಿಸ್ತೀರಿ ನೋಡ್ತೇವೆ’ ಅಂತ ಮೊದಲೇ ಹೇಳಿ. ನಮ್ಮ ತಕ್ಕಡಿ, ನಮ್ಮ ಪುಸ್ತಕ ಅಭ್ಯಾಸ ಇಲ್ಲದವರಿಗೆ ಹದಿನೈದು ನಿಮಿಷ ತೋರಿಸಿಕೊಡಿ. ಇಲ್ಲದಿದ್ದರೆ ನಮ್ಮ ಥರದ ತೋಟದಿಂದ ಬಂದವರೇ ಗೆಲ್ಲುತ್ತಾರೆ.

ಹಿಂದೆ ಕೆಲಸ ಮಾಡಿದ ಕಡೆ ವಿಚಾರಿಸುವಾಗಲೂ ‘ಹೇಗೆ ಜನ?’ ಅನ್ನಬೇಡಿ. ‘ತಪ್ಪಾದಾಗ ನಿಮಗೆ ಹೇಗೆ ಗೊತ್ತಾಗ್ತಿತ್ತು?’ ಅಂತ ಕೇಳಿ.

ಹಂತ 7: ಆರು ತಿಂಗಳ ಮೇಲೆ ಹಾಳೆ ತೆಗೆದು ನೋಡಿ

ಅಂಕ 5 ಕೊಟ್ಟ ಸಾಲಿನಲ್ಲಿ ಅವರು ನಿಜವಾಗಿ ಹೇಗಿದ್ದಾರೆ? ನಾವು ಕೊಯ್ಲು ಮುಗಿದ ಮೇಲೆ ನೋಡುತ್ತೇವೆ, ಕೆಟ್ಟ ಸುದ್ದಿ ಬರುವುದು ಹೆಚ್ಚಾಗಿ ಕೊಯ್ಲಿನ ಕಾಲದಲ್ಲೇ. ಸುದ್ದಿ ಎಷ್ಟು ಸಲ ಅದೇ ದಿನ ಬಂತು, ಎಷ್ಟು ಸಲ ಬೇರೆ ಕಡೆಯಿಂದ ಗೊತ್ತಾಯಿತು ಅಂತ ಎಣಿಸುತ್ತೇವೆ. ಒಂದು ಸಾಲಿನ ಅಂಕಕ್ಕೂ ನಡವಳಿಕೆಗೂ ಪದೇಪದೇ ತಾಳೆ ಆಗದಿದ್ದರೆ ಆ ಪ್ರಶ್ನೆ ಬದಲಿಸಬೇಕು. ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ತಗೊಳ್ಳುವ ನಮ್ಮಂಥವರಿಗೆ ಇದು ನಿಧಾನ. ಒಂದು ಸಲದ ನೇಮಕ ನೋಡಿ ಕ್ರಮ ಸರಿ ಅಂತಲೂ ತಪ್ಪು ಅಂತಲೂ ಹೇಳುವುದಕ್ಕಾಗಲ್ಲ. ಅದಕ್ಕೇ ಪಕ್ಕದ ಎರಡು ತೋಟದವರ ಜೊತೆ ಸೇರಿ ಅದೇ ಪ್ರಶ್ನೆ, ಅದೇ ಅಳತೆ ಇಟ್ಟುಕೊಂಡಿದ್ದೇವೆ.

ಬಿಟ್ಟವರ ಹಾಳೆಗಳನ್ನೂ ತೆಗೆಯಿರಿ. ಯಾವ ಕಾರಣಕ್ಕೆ ಬಿಟ್ಟೆವು ಅನ್ನೋದನ್ನು ಸಾಲಾಗಿ ಓದಿದರೆ ಗೊತ್ತಾಗುತ್ತೆ. ಗೆರೆ ಎಳೆದು ತಿದ್ದಿದ ಅಂಕಗಳು ಯಾವಾಗಲೂ ಒಂದೇ ಥರದ ಜನರದ್ದಾ? ನನ್ನ ಹಾಳೆಗಳಲ್ಲಿ ನಾಲ್ಕು ತಿದ್ದುಪಡಿ ಸಿಕ್ಕವು. ನಾಲ್ಕೂ ಮೆತ್ತಗೆ ಮಾತಾಡಿದವರದ್ದು.

ಇಷ್ಟು ಮಾಡಿದರೂ ಈ ಕ್ರಮದ ಕೈಗೆ ಎಟುಕದ್ದು ಒಂದಿದೆ. ಬಾಗಿಲಿಗೆ ಬಂದವರಲ್ಲಿ ಮಾತ್ರ ನಾವು ಆರಿಸುತ್ತೇವೆ, ಅಲ್ವಾ? ಮೊದಲೆಲ್ಲ ಕೆಲಸ ಇದೆ ಅನ್ನೋ ಸುದ್ದಿ ನಮ್ಮ ನೆಂಟರ ಮೂಲಕವೇ ಹೋಗುತ್ತಿತ್ತು, ಬರುವವರೂ ಅವರ ಕಡೆಯವರೇ. ಈಗ ಸಿದ್ದಾಪುರದ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗಳಲ್ಲಿ, ಸಂತೆಯಲ್ಲಿ, ಲೈನ್ ಮನೆಗಳ ಹತ್ತಿರ ಕನ್ನಡದಲ್ಲೂ ಮಲಯಾಳದಲ್ಲೂ ಚೀಟಿ ಅಂಟಿಸುತ್ತೇವೆ. ಚೀಟಿಯಲ್ಲಿ ಆ ಮೂರು ಸಾಲನ್ನೂ ಬರೆದಿರುತ್ತೇವೆ. ಮೂರನೆಯವರು ಬಂದದ್ದು ಆ ಚೀಟಿ ನೋಡಿಯೇ.